98.6ರ ಪಾಯಿಂಟ್ ಆರು

ಜುಲೈ 3, ಬುಧವಾರ

ಒಂಬತ್ತನೇ ತರಗತಿಯಲ್ಲಿ ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟ್‌ಗೆ ಬದಲಿಸುವ ಲೆಕ್ಕ ಮಾಡಿಸಿದೆ. ಸಾಮಾನ್ಯ ಮೈಬಿಸಿ ಎನ್ನುವ 37ನ್ನು 9ರಿಂದ ಗುಣಿಸಿ 5ರಿಂದ ಭಾಗಿಸಿದರೆ 66.6. ಅದಕ್ಕೆ 32 ಕೂಡಿಸಿದರೆ 98.6. ಬೋರ್ಡಿನ ಮೇಲೆ ಉತ್ತರ ಬರೆಯುತ್ತಿದ್ದಂತೆ ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, 37ರಲ್ಲಿ ಪಾಯಿಂಟೇ ಇಲ್ಲ. ಉತ್ತರದಲ್ಲಿ ಪಾಯಿಂಟ್ ಆರು ಎಲ್ಲಿಂದ ಬಂತು?”

ಎಷ್ಟು ಒಳ್ಳೆಯ ಪ್ರಶ್ನೆ! ಅದು ಗುಣಾಕಾರದಿಂದ ಬಂದದ್ದು, ಯಾರ ಮೈಯಿಂದಲೂ ಅಲ್ಲ. ಸೆಲ್ಸಿಯಸ್‌ನ ಒಂದು ಡಿಗ್ರಿ ಎಂದರೆ ಫ್ಯಾರನ್‌ಹೀಟ್‌ನಲ್ಲಿ 1.8 ಡಿಗ್ರಿ. ಹಾಗಾಗಿ 36 ಹೋಗಿ 96.8 ಆಗುತ್ತದೆ, 38 ಹೋಗಿ 100.4 ಆಗುತ್ತದೆ. ಜ್ವರದ ಗಡಿ ಎಂದು ಡಾಕ್ಟರುಗಳು ಹೇಳುವ 100.4 ಕೂಡ 38 ಎಂಬ ಪೂರ್ಣ ಸಂಖ್ಯೆಯೇ. ಫ್ಯಾರನ್‌ಹೀಟ್‌ನಲ್ಲೇ ಅಳೆದು ಪೂರ್ಣ ಸಂಖ್ಯೆಗೆ ಇಳಿಸಿದ್ದರೆ ನಾವೆಲ್ಲ 98 ಎಂದೋ 99 ಎಂದೋ ಕಲಿತಿರುತ್ತಿದ್ದೆವು.

ಜುಲೈ 5, ಶುಕ್ರವಾರ

37 ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್‌ಲಿಷ್. ರೋಗಗಳಲ್ಲಿ ಮೈಬಿಸಿ ಹೇಗೆ ಏರಿಳಿಯುತ್ತದೆ ಎಂಬ ಅವರ ಪುಸ್ತಕ ಬಂದದ್ದು 1868ರಲ್ಲಿ. ಸುಮಾರು 25,000 ರೋಗಿಗಳ ಕಂಕುಳಲ್ಲಿ ಅಳೆದ ಲಕ್ಷಾಂತರ ಅಳತೆಗಳು ಅದರ ಹಿಂದಿದ್ದವು. ಆಗಿನ ಥರ್ಮಾಮೀಟರು ಉದ್ದನೆಯ ಗಾಜಿನ ಕೊಳವೆ. ಪಾದರಸ ಏರಿ ನಿಲ್ಲಲು ಕಾಲು ಗಂಟೆಗೂ ಹೆಚ್ಚು ಬೇಕಾಗುತ್ತಿತ್ತು. ಹೊರಗೆ ತೆಗೆದರೆ ಪಾದರಸ ಇಳಿದುಬಿಡುವುದರಿಂದ ಕಂಕುಳಲ್ಲಿರುವಾಗಲೇ ಬಗ್ಗಿ ಓದಬೇಕಿತ್ತು.

ಅಷ್ಟು ಕಷ್ಟಪಟ್ಟು ಅಳೆದವರು 37ನ್ನು ಒಂಟಿಯಾಗಿ ಬಿಟ್ಟಿರಲಿಲ್ಲ. ಆರೋಗ್ಯವಂತರ ಮೈಬಿಸಿ 36.2ರಿಂದ 37.5ರವರೆಗೆ ಇರಬಹುದು, ನಸುಕಿನಲ್ಲಿ ಕಡಿಮೆ, ಸಂಜೆ ಹೆಚ್ಚು ಎಂದೂ ಬರೆದಿದ್ದರು. ಫ್ಯಾರನ್‌ಹೀಟ್‌ನಲ್ಲಿ ಆ ಹರಹು ಸುಮಾರು 97.2ರಿಂದ 99.5. ಇಂಗ್ಲಿಷ್ ನಾಡುಗಳ ಬಾಯಿಗೆ ಬರುವಷ್ಟರಲ್ಲಿ ಹರಹು ಕಳಚಿ ಬಿದ್ದು, ನಡುವಿನ ಸಂಖ್ಯೆಯೊಂದೇ ಉಳಿಯಿತು.

ಜುಲೈ 8, ಸೋಮವಾರ

ತರಗತಿಯಲ್ಲಿ ಉಳಿದ ಲೆಕ್ಕ ಮುಗಿಸಿದೆವು. 37 ಎಂಬುದನ್ನು ಹತ್ತಿರದ ಪೂರ್ಣ ಸಂಖ್ಯೆ ಎಂದುಕೊಂಡರೆ, 36.5ರಿಂದ 37.5ರವರೆಗಿನ ಯಾವುದೂ ಅದರೊಳಗೆ ಅಡಗಿರಬಹುದು. ಎರಡು ತುದಿಗಳನ್ನೂ ಮಕ್ಕಳೇ ಬದಲಿಸಿದರು: 97.7 ಮತ್ತು 99.5. ನಡುವೆ ಸುಮಾರು ಎರಡು ಡಿಗ್ರಿಯ ಜಾಗವಿದೆ. 98.6 ಎಂದು ಬರೆದೊಡನೆ ಡಿಗ್ರಿಯ ಹತ್ತನೇ ಒಂದು ಭಾಗದವರೆಗೂ ಕರಾರುವಾಕ್ಕಾಗಿ ಅಳೆದಂತೆ ಕಾಣುತ್ತದೆ.

ಆ ಸಂಖ್ಯೆಯನ್ನು ಮತ್ತೆ ಪರೀಕ್ಷಿಸಿದವರು ಅಮೆರಿಕದ ಫಿಲಿಪ್ ಮಕೋವಿಯಾಕ್ ಮತ್ತು ಜೊತೆಗಾರರು. 1992ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 148 ಆರೋಗ್ಯವಂತರ ಬಾಯಲ್ಲಿ ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಳೆದರು. ಸರಾಸರಿ 98.2 ಬಂತು. 98.6ಕ್ಕೆ ವಿಶೇಷ ಸ್ಥಾನವೇನೂ ಕಾಣಲಿಲ್ಲ. ವುಂಡರ್‌ಲಿಷ್ ಬಳಸಿದ್ದೆನ್ನಲಾದ ಒಂದು ಥರ್ಮಾಮೀಟರು ಫಿಲಡೆಲ್ಫಿಯಾದ ಮ್ಯೂಸಿಯಂನಲ್ಲಿದೆ. ಪರೀಕ್ಷಿಸಿದಾಗ ಅದು ಒಂದು ಸೆಲ್ಸಿಯಸ್ ಡಿಗ್ರಿಗೂ ಹೆಚ್ಚು ಏರಿಸಿಯೇ ತೋರಿಸಿತು. ಅಳೆಯುವ ಸಾಧನವೇ ಅಷ್ಟು ವಾಲಿದ್ದರೆ, ಪಾಯಿಂಟಿನ ಆಚೆಯ ಅಂಕಿಗೆ ಯಾವ ಆಧಾರ?

ಜುಲೈ 12, ಶುಕ್ರವಾರ

ನಿನ್ನೆ ಸಂಜೆ ಅತ್ತೆಯವರ ನಾಲಿಗೆ ಕೆಳಗಿಟ್ಟ ಥರ್ಮಾಮೀಟರು 99.1 ತೋರಿಸಿತು. “ಜ್ವರ ಬಂದಿದೆ ಕಣೇ, ನೋಡು” ಎಂದರು. ಕೆಮ್ಮಿಲ್ಲ, ನೋವಿಲ್ಲ, ಊಟ ಎಂದಿನಂತೆ. “ಸಂಜೆ ಹೊತ್ತು ಸ್ವಲ್ಪ ಏರುತ್ತೆ ಅತ್ತೆ, ಬೆಳಿಗ್ಗೆ ಇನ್ನೊಮ್ಮೆ ನೋಡೋಣ” ಎಂದೆ. ಇವತ್ತು ಎದ್ದ ಕೂಡಲೇ ನೋಡಿದರೆ 97.4. ಏರಿಳಿತ ಒಂದೂವರೆ ಡಿಗ್ರಿಗೂ ಹೆಚ್ಚು, ಆದರೂ ಸಂಜೆಯ 99.1 ಆರೋಗ್ಯದ ಹರಹಿನ ಒಳಗೇ ಇತ್ತು.

98.6ನ್ನು ಗೆರೆ ಎಂದು ನಂಬಿದರೆ ಇನ್ನೊಂದು ಕಡೆಯೂ ಮೋಸ ಹೋಗುತ್ತೇವೆ, ಅದು ಹೆಚ್ಚು ಅಪಾಯದ್ದು. ವಯಸ್ಸಾದವರ ಮೈಬಿಸಿ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಎಂದಿನ ಬಿಸಿ 97.2 ಇರುವವರಿಗೆ ಸೋಂಕಾಗಿ ಎರಡು ಡಿಗ್ರಿ ಏರಿದರೂ 99.2 ಮಾತ್ರ, 100.4ಕ್ಕೆ ಕಾಯುತ್ತಾ ಕೂತರೆ ಅದು ಕಣ್ಣಿಗೇ ಬೀಳುವುದಿಲ್ಲ. ಆಗ ಎಂದಿಗಿಂತ ಎಷ್ಟು ಏರಿತು ಎಂಬುದೇ ಮುಖ್ಯ. ಹಾಗೆ ಹೇಳಬೇಕಾದರೆ ಎಂದಿನದು ಎಷ್ಟು ಎಂದು ಮೊದಲೇ ಗೊತ್ತಿರಬೇಕು. ಚೆನ್ನಾಗಿರುವ ದಿನಗಳಲ್ಲೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದೇ ಥರ್ಮಾಮೀಟರಿನಲ್ಲಿ, ಒಂದೇ ಜಾಗದಲ್ಲಿ ಅಳೆದು ಬರೆದಿಡಬೇಕು. ಬಾಯಿಯ ಅಳತೆಯನ್ನು ಕಂಕುಳಿನದಕ್ಕೆ ಹೋಲಿಸಬಾರದು, ಕಂಕುಳಿನದು ಕಡಿಮೆ ಬರುತ್ತದೆ. ಅತ್ತೆಯವರ ಔಷಧದ ಚೀಟಿಯ ಹಿಂದೆ ಅವರ ಎರಡು ಹೊತ್ತಿನ ಅಂಕಿಗಳನ್ನು ಬರೆದಿದ್ದೇನೆ. ಮುಂದಿನ ಸಲ ಡಾಕ್ಟರಿಗೆ 98.6ರ ಬದಲು ಆ ಅಂಕಿಗಳನ್ನೇ ಹೇಳುತ್ತೇನೆ.