ಹಳೇ ಫೋನು ಅಪ್ಪನ ಕೈಗೆ ಕೊಡೋ ಮುಂಚೆ

ಅಪ್ಪನ ಫೋನು ಎರಡನೇ ಸಲ ನೀರಿನ ತೊಟ್ಟಿಗೆ ಬಿದ್ದ ಮೇಲೆ, ನಾನು ಹೊಸದು ತಗೊಳ್ಳೋದು, ನನ್ನ ಹಳೇದು ಅಪ್ಪನಿಗೆ ಅಂತ ಮನೇಲಿ ತೀರ್ಮಾನ ಆಯ್ತು. ಒಂದು ಶನಿವಾರ ಎರಡೂ ಫೋನು ಜೇಬಲ್ಲಿಟ್ಟುಕೊಂಡು ತುಮಕೂರಲ್ಲಿ ಬಸ್ ಹತ್ತಿ ತೋವಿನಕೆರೆಗೆ ಬಂದೆ. ಫೋಟೋ, ವಾಟ್ಸಾಪು, ನಂಬರುಗಳೆಲ್ಲ ಆಗಲೇ ಹೊಸ ಫೋನಿಗೆ ಹೋಗಿದ್ದವು. "ಇನ್ನೇನು, ಕೊಡಪ್ಪ ಇತ್ಲಾಗೆ" ಅಂದರು ಅಪ್ಪ. "ತಡೀರಿ, ಒಂದು ಕೆಲಸ ಬಾಕಿ ಐತೆ" ಅಂದೆ. ಆ ಒಂದು ಕೆಲಸಕ್ಕೆ ಭಾನುವಾರ ಮಧ್ಯಾಹ್ನದವರೆಗೂ ಹಿಡಿಯಿತು.

ಆ ಕೆಲಸ ಅಂದರೆ ಅಥೆಂಟಿಕೇಟರ್ ಆ್ಯಪ್‌. ಪಾಸ್‌ವರ್ಡ್ ಹಾಕಿದ ಮೇಲೆ ಇನ್ನೊಂದು ಆರಂಕಿಯ ಸಂಖ್ಯೆ ಕೇಳುತ್ತದಲ್ಲ, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗೋದು, ಅದು. ನನ್ನದರಲ್ಲಿ ಹದಿನಾಲ್ಕು ಖಾತೆ ಇದ್ದವು.

ಇದರಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡವನು. 2019ರಲ್ಲಿ ಹೊಸ ಫೋನು ತಗೊಂಡಾಗ, ಎಲ್ಲಾ ಬಂದಿದೆ ಅಂದುಕೊಂಡು ಹಳೇದನ್ನು ಅಳಿಸಿ ಮಾರಿಬಿಟ್ಟೆ. ಹೊಸ ಫೋನಲ್ಲಿ ಆ್ಯಪ್‌ ಬಂದಿತ್ತು, ಒಳಗೆ ನೋಡಿದರೆ ಖಾಲಿ. ಆಫೀಸಿನ ಖಾತೆಯನ್ನು ಆಫೀಸಿನವರೇ ಸರಿ ಮಾಡಿಕೊಟ್ಟರು. ನನ್ನ ಸ್ವಂತ ಪ್ರೋಗ್ರಾಮುಗಳನ್ನು ಇಟ್ಟಿದ್ದ ಖಾತೆ ಮಾತ್ರ ಹೋಯಿತು. ಇಂಥ ಹೊತ್ತಿಗೆ ಅಂತಲೇ ಅವರು ಕೊಟ್ಟಿದ್ದ ರಿಕವರಿ ಕೋಡುಗಳಿದ್ದವು. ಅವನ್ನು ಸ್ಕ್ರೀನ್‌ಶಾಟ್ ತೆಗೆದು ಅದೇ ಹಳೇ ಫೋನಲ್ಲಿ ಇಟ್ಟಿದ್ದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಒತ್ತಿದ ಹಾಗೆ. ನಮ್ಮ ತೋಟದ ಮೋಟರಿಗೆ ಅಂತ ಬರೆದಿದ್ದ ಪ್ರೋಗ್ರಾಮು ಇವತ್ತಿಗೂ ಅಲ್ಲಿ ಎಲ್ಲರಿಗೂ ಕಾಣುತ್ತದೆ, ನನಗೂ ಕಾಣುತ್ತದೆ. ಒಂದಕ್ಷರ ತಿದ್ದಕ್ಕೆ ಆಗಲ್ಲ. ನಮ್ಮನೆಯನ್ನು ನಾವೇ ಬೀದೀಲಿ ನಿಂತು ನೋಡಿದ ಹಾಗೆ.

ಯಾಕೆ ಹೀಗಾಗುತ್ತದೆ ಅಂತ ಹೇಳಿಬಿಡುತ್ತೇನೆ. ಮೊದಲ ಸಲ ಒಂದು ಖಾತೆಗೆ ಇದನ್ನು ಜೋಡಿಸುವಾಗ ಕ್ಯೂಆರ್ ಚೌಕ ಸ್ಕ್ಯಾನ್ ಮಾಡುತ್ತೀರಲ್ಲ, ಅದರೊಳಗೆ ಒಂದು ಗುಟ್ಟಿನ ಅಕ್ಷರಮಾಲೆ ಇರುತ್ತದೆ. ಆ ಗುಟ್ಟು ಎರಡೇ ಕಡೆ ಇರೋದು, ಅವರ ಸರ್ವರಿನಲ್ಲಿ ಮತ್ತು ನಿಮ್ಮ ಫೋನಿನಲ್ಲಿ. ಆಮೇಲೆ ಎರಡೂ ಕಡೆಯವರು ಆ ಗುಟ್ಟಿಗೆ ಈಗಿನ ಸಮಯ ಸೇರಿಸಿ ಲೆಕ್ಕ ಹಾಕುತ್ತಾರೆ. ಉತ್ತರ ಒಂದೇ ಬಂದರೆ ಬಾಗಿಲು ತೆಗೆಯುತ್ತದೆ. ಇದಕ್ಕೆ ಸಿಮ್ ಬೇಡ, ನೆಟ್ಟೂ ಬೇಡ. ಅದಕ್ಕೇ ಸಿಮ್ ತೆಗೆದು ಹೊಸ ಫೋನಿಗೆ ಹಾಕಿದರೆ ಈ ಕೋಡು ಹಿಂದೆ ಬರಲ್ಲ. ಗುಟ್ಟನ್ನೇ ನಕಲು ಮಾಡಿಕೊಳ್ಳಬೇಕು, ಅದೂ ಹಳೇ ಫೋನು ಇನ್ನೂ ಜೀವಂತ ಇರುವಾಗಲೇ.

ಈ ಸಲ ಮೊದಲು ಹಳೇ ನೋಟ್‌ಬುಕ್ಕಲ್ಲಿ ಹದಿನಾಲ್ಕು ಹೆಸರೂ ಬರೆದುಕೊಂಡೆ. ಹೊಸ ಫೋನಿಗೆ ಅದೇ ಆ್ಯಪ್‌ ಹಾಕಿದೆ. ನಾನು ಬಳಸೋದು ಗೂಗಲ್ ಅಥೆಂಟಿಕೇಟರ್. ಹಳೇದರ ಮೆನುವಿನಲ್ಲಿ `Transfer accounts`, ಅದರೊಳಗೆ `Export accounts` ಒತ್ತಿದರೆ ಕ್ಯೂಆರ್ ಚೌಕ ಬರುತ್ತದೆ. ಹೊಸದರಲ್ಲಿ `Import accounts` ಒತ್ತಿ ಅದನ್ನು ಸ್ಕ್ಯಾನ್ ಮಾಡಬೇಕು. ಮಾಡಿದೆ. ಎಣಿಸಿದೆ. ಹತ್ತೇ ಬಂದಿದ್ದವು! ಗಾಬರಿಯಾಗಿ ಹಳೇ ಫೋನು ನೋಡಿದರೆ ಚೌಕದ ಕೆಳಗೆ ಮುಂದಕ್ಕೆ ಹೋಗುವ ಗುಂಡಿ ಇತ್ತು. ಖಾತೆ ಜಾಸ್ತಿ ಇದ್ದರೆ ಒಂದೇ ಚೌಕದಲ್ಲಿ ಹಿಡಿಸಲ್ಲ, ಎರಡನೇದು ಬರುತ್ತದೆ. ನೋಟ್‌ಬುಕ್ಕಲ್ಲಿ ಪಟ್ಟಿ ಇರದಿದ್ದರೆ ಉಳಿದ ನಾಲ್ಕು ಖಾತೆ ನೆನಪಿಗೆ ಬರುತ್ತಿದ್ದದ್ದು ಯಾವಾಗಲೋ.

ಆಮೇಲೆ ಎರಡೂ ಫೋನು ಜಗಲಿ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಗುಟ್ಟು ಒಂದೇ ಆದರೆ, ಒಂದೇ ಕ್ಷಣಕ್ಕೆ ಎರಡರಲ್ಲೂ ಅದೇ ಆರಂಕಿ ಇರಬೇಕು. ಒಂದೂ ತಾಳೆಯಾಗಲಿಲ್ಲ. ಒಂದೆರಡು ಖಾತೆ ಮಾತ್ರ ತಪ್ಪಿದ್ದರೆ ಆ ಖಾತೆಯ ಗುಟ್ಟು ಬೇರೆ ಅಂತ ಅರ್ಥ. ಅಷ್ಟೂ ತಪ್ಪಿದ್ದರೆ ಗುಟ್ಟಿನ ತಪ್ಪಲ್ಲ, ಗಡಿಯಾರದ್ದು. ಹಳೇ ಫೋನಿನ ಸಮಯ ನೋಡಿದರೆ ಎರಡು ಗಂಟೆ ಮುಂದೆ! "ಲೋ, ಯಾರ್ಲಾ ಇದನ್ನ ತಿರುಗ್ಸಿದ್ದು?" ಅಂದೆ. ಅಕ್ಕನ ಮಗ ಮೆಲ್ಲಗೆ, "ಮಾವ, ಗೇಮಲ್ಲಿ ಲೈಫ್ ಬರ್ಲಿ ಅಂತ ನಾನೇ ಟೈಮ್ ಮುಂದಕ್ ಹಾಕಿದ್ದೆ" ಅಂದ. ಸೆಟ್ಟಿಂಗ್ಸಲ್ಲಿ ಸಮಯವನ್ನು ನೆಟ್‌ವರ್ಕೇ ತಂತಾನೆ ಹೊಂದಿಸುವ ಹಾಗೆ ಮಾಡಿದೆ. ಹದಿನಾಲ್ಕೂ ತಾಳೆಯಾದವು. ಇನ್ನು ಯಾವತ್ತಾದರೂ ಸರಿಯಾದ ಕೋಡನ್ನೇ ತಪ್ಪು ಅಂತ ಹೇಳಿದರೆ, ಮೊದಲು ಗಡಿಯಾರ ನೋಡಿ.

ತಾಳೆಯಾಯ್ತು ಅಂತ ಬಿಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಪ್ರೈವೇಟ್ ವಿಂಡೋ ತೆರೆದು ಒಂದೊಂದಕ್ಕೂ ಹೊಸ ಫೋನಿನ ಕೋಡು ಹಾಕಿ ಒಳಗೆ ಹೋದೆ. ಹೋದದ್ದಕ್ಕೆಲ್ಲ ನೋಟ್‌ಬುಕ್ಕಲ್ಲಿ ಟಿಕ್. ಈಗಾಗಲೇ ಲಾಗಿನ್ ಆಗಿರುವ ಬ್ರೌಸರಿನಲ್ಲಿ ನೋಡಿದರೆ ಅದು ಪರೀಕ್ಷೆ ಅಲ್ಲ. ಅಲ್ಲಿ ಕೋಡನ್ನೇ ಕೇಳಲ್ಲ, ಎಲ್ಲಾ ಸರಿ ಇದೆ ಅನ್ನಿಸಿಬಿಡುತ್ತದೆ.

ಆಫೀಸಿನ ಖಾತೆ ಈ ಹದಿನಾಲ್ಕರಲ್ಲಿ ಇರಲಿಲ್ಲ. ಅದರದ್ದು ಬೇರೆ ಆ್ಯಪ್‌, ಅದು ಆರಂಕಿ ಕೊಡಲ್ಲ. "ನೀವೇನಾ ಲಾಗಿನ್ ಆಗ್ತಿರೋದು?" ಅಂತ ಫೋನಿಗೇ ಕೇಳುತ್ತದೆ, ಹೌದು ಅಂತ ಒತ್ತಬೇಕು. ಆ ಒಪ್ಪಿಗೆ ಅದೇ ಫೋನಿಗೆ ಕಟ್ಟಿಹಾಕಿದ್ದು, ಚೌಕ ಸ್ಕ್ಯಾನ್ ಮಾಡಿ ಸಾಗಿಸಕ್ಕೆ ಬರಲ್ಲ. ಆಫೀಸಿನ ಭದ್ರತೆ ಪುಟಕ್ಕೆ ಹೋಗಿ, ಹಳೇ ಫೋನಲ್ಲಿ ಹೌದು ಒತ್ತಿ, ಹೊಸದನ್ನು ಎರಡನೇ ಸಾಧನವಾಗಿ ಸೇರಿಸಿದೆ. ಹೊಸದರಿಂದ ಒಮ್ಮೆ ಲಾಗಿನ್ ಆಗಿ ನೋಡಿದ ಮೇಲೇ ಹಳೇದರ ಹೆಸರು ತೆಗೆದೆ. ಹಳೇ ಫೋನು ಆಗಲೇ ಅಳಿಸಿದ್ದರೆ ಸೋಮವಾರದವರೆಗೆ ಕಾದು ಆಫೀಸಿನವರ ಕೈಕಾಲು ಹಿಡಿಯಬೇಕಿತ್ತು.

ಇನ್ನು ರಿಕವರಿ ಕೋಡು. ಮುಖ್ಯವಾದ ಐದು ಖಾತೆಗಳಿಗೆ ಹೊಸ ಕೋಡು ತೆಗೆದೆ. ಹೊಸದು ತೆಗೆದ ತಕ್ಷಣ ಹಳೇ ಪಟ್ಟಿ ಸಾಯುತ್ತದೆ, ಒಂದೊಂದು ಕೋಡೂ ಒಂದೇ ಸಲಕ್ಕೆ. ಪ್ರಿಂಟ್ ಹಾಕಿಸೋಣ ಅಂದರೆ ಜೆರಾಕ್ಸ್ ಅಂಗಡಿಯವರ ವಾಟ್ಸಾಪಿಗೆ ಕಳಿಸಬೇಕು. ಹಾಗೆ ಕಳಿಸಿದ ಮೇಲೆ ಅದು ಗುಟ್ಟಾಗಿ ಉಳಿಯಲ್ಲ. ಅದಕ್ಕೇ ಕೈಯಲ್ಲೇ ಬರೆದೆ. ಆ ಹಾಳೆ ಈಗ ಅಪ್ಪನ ಟ್ರಂಕಲ್ಲಿ, ಪಹಣಿ ಕಾಗದಗಳ ಜೊತೆ ಇದೆ.

"ಗೂಗಲ್ ಖಾತೆಗೇ ಬ್ಯಾಕಪ್ ಆಗುತ್ತಲ್ಲ, ಇಷ್ಟೆಲ್ಲ ಯಾಕೆ?" ಅಂತ ನೀವು ಕೇಳಬಹುದು. 2023ರ ಏಪ್ರಿಲ್‌ನಿಂದ ಆ ಸೌಲಭ್ಯ ಇದೆ, ಒಳ್ಳೇದೇ. ಆದರೆ ಆ ಗೂಗಲ್ ಖಾತೆಯೊಳಗೆ ಹೋಗುವ ಕೋಡೂ ಅದೇ ಆ್ಯಪಲ್ಲಿ ಮಾತ್ರ ಇದ್ದರೆ, ಮತ್ತೆ ಪೆಟ್ಟಿಗೆಯೊಳಗಿನ ಬೀಗದ ಕೈ ಕಥೆಯೇ. ಅದೊಂದಕ್ಕಾದರೂ ಕಾಗದದ ಕೋಡು ಹೊರಗಿರಲಿ.

ಕೊನೆಗೆ ಉಳಿದದ್ದು ಹಳೇ ಫೋನು. ನಕಲು ಮಾಡಿಕೊಂಡರೆ ಮೂಲ ತಾನಾಗಿ ಅಳಿಯಲ್ಲ. ಅದು ಟ್ರಂಕಲ್ಲಿ ಬಿದ್ದಿದ್ದರೂ ಮೂವತ್ತು ಸೆಕೆಂಡಿಗೊಂದು ಸರಿಯಾದ ಕೋಡು ತೋರಿಸುತ್ತಲೇ ಇರುತ್ತದೆ, ಅಪ್ಪನ ಕೈಲಿದ್ದರೂ, ನಾಳೆ ಯಾರ ಕೈಲಿದ್ದರೂ. ಹದಿನಾಲ್ಕು ಟಿಕ್ಕೂ ಆಫೀಸಿಂದೂ ಇನ್ನೊಮ್ಮೆ ಎಣಿಸಿ, ಫ್ಯಾಕ್ಟರಿ ರೀಸೆಟ್ ಒತ್ತಿದೆ. 2019ರಲ್ಲಿ ಇದೇ ಗುಂಡಿಯನ್ನು ಎಲ್ಲಕ್ಕಿಂತ ಮೊದಲು ಒತ್ತಿದ್ದೆ, ಅಷ್ಟೇ ವ್ಯತ್ಯಾಸ.

ಊಟದ ಹೊತ್ತಿಗೆ ಫೋನು ಅಪ್ಪನ ಕೈಗೆ ಕೊಟ್ಟೆ. "ಒಂದು ಫೋನು ಕೊಡಕ್ಕೆ ಎರಡು ದಿನ ಬೇಕಾಯ್ತೇನಪ್ಪಾ?" ಅಂದರು. ಇಡೀ ಕಥೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಕೇಳಿ, "ಹೊಸ ಬೀಗದ ಕೈ ತಗುದು ನೋಡ್ದಲೆ ಹಳೇದ್ನ ಯಾರಾನ ಬಾವಿಗೆ ಎಸಿತಾರೇನ್ಲಾ? ಇದಕ್ಕೆ ಇಂಜಿನಿಯರಿಂಗ್ ಬೇರೆ ಓದಬೇಕಿತ್ತಾ?" ಅಂದು ಅನ್ನಕ್ಕೆ ಸಾರು ಹಾಕಿಸಿಕೊಂಡರು.

ಬಿಇ ಓದಿದವನಿಗೆ 2019ರಲ್ಲಿ ಅದು ಹೊಳೆದಿರಲಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ.