ಮಿಲ್ಲಿನಿಂದ ಮಿಕ್ಸಿಗೆ ಬಂದ ಸಾರಿನ ಪುಡಿ

ಮೈಸೂರಿನ ನಮ್ಮ ಬೀದಿಯ ತುದಿಯಲ್ಲಿದ್ದ ಮಿಲ್ಲಿನಲ್ಲಿ ಎರಡು ಮಿಷನ್ನು. ಒಂದು ರಾಗಿ, ಗೋಧಿಗೆ, ಇನ್ನೊಂದು ಖಾರಕ್ಕೆ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಖಾರದ ಮಿಷನ್ನಿನ ಮುಂದೆ ಡಬ್ಬಗಳ ಸಾಲು. ಸೀನುತ್ತಾ ಒಳಗೆ ಬಂದ ಹೆಂಗಸರ ಮೊದಲ ಪ್ರಶ್ನೆ ಒಂದೇ: "ಈಗ ಏನು ಹಾಕಿದ್ರಪ್ಪಾ?" ಅರಿಸಿನ ಬೀಸಿದ ಬೆನ್ನಿಗೇ ಸಾರಿನ ಪುಡಿ ಬೀಸಿದರೆ ಮೊದಲ ಬೊಗಸೆ ಪುಡಿಗೆ ಅರಿಸಿನದ ಘಾಟು ಹತ್ತುತ್ತಿತ್ತು. ಅದಕ್ಕೇ ಸಾರಿನ ಪುಡಿಯವರು ಸಾರಿನ ಪುಡಿಯವರ ಹಿಂದೆಯೇ ನಿಲ್ಲಲು ಕಾಯುತ್ತಿದ್ದರು.

ಮಿಲ್ಲಿಗೆ ಹೋಗುವ ಮುಂಚೆ ಮನೆಯಲ್ಲಿ ಅರ್ಧ ದಿನದ ಕೆಲಸ. ನಮ್ಮಮ್ಮನ ಅಳತೆ ಹೀಗಿತ್ತು: ಕಾಲು ಕಿಲೋ ಧನಿಯಕ್ಕೆ 150 ಗ್ರಾಂ ಬ್ಯಾಡಗಿ, ಖಾರಕ್ಕೆಂದು 50 ಗ್ರಾಂ ಗುಂಟೂರು, 50 ಗ್ರಾಂ ಜೀರಿಗೆ, ಮೆಣಸು ಮತ್ತು ಮೆಂತ್ಯ 25 ಗ್ರಾಂನಂತೆ, ಎರಡು ಚಮಚ ಸಾಸಿವೆ, ಒಂದು ಹಿಡಿ ಒಣಗಿದ ಕರಿಬೇವು, ಇಂಗು. ಯಾವುದನ್ನೂ ಒಟ್ಟಿಗೆ ಹುರಿಯುವಂತಿಲ್ಲ. ಧನಿಯ ಬೆಚ್ಚಗಾಗುವಷ್ಟರಲ್ಲಿ ಜೀರಿಗೆ ಕಪ್ಪಾಗಿರುತ್ತದೆ.

ಎಲ್ಲಕ್ಕಿಂತ ನಾಜೂಕು ಮೆಂತ್ಯದ್ದು. ಸಣ್ಣ ಉರಿಯಲ್ಲಿ ಅದು ಹಳದಿ ಬಿಟ್ಟು ತೆಳು ಕೆಂಪಿಗೆ ತಿರುಗುವಾಗ ಒಂದು ಸಿಹಿ ಕಂಪು ಏಳುತ್ತದೆ. ಆಗಲೇ ಇಳಿಸಬೇಕು, ಇಳಿಸಿ ತಕ್ಷಣ ತಟ್ಟೆಗೆ ಸುರಿಯಬೇಕು, ಏಕೆಂದರೆ ದಪ್ಪ ಬಾಣಲೆಯ ಕಾವಿಗೆ ಅದು ಹುರಿಯುತ್ತಲೇ ಇರುತ್ತದೆ. ಕಂದು ಬಣ್ಣಕ್ಕೆ ಹೋದರೆ ಇಡೀ ಡಬ್ಬದ ಪುಡಿಯೇ ಕಹಿ. ಆ ಕಹಿಯನ್ನು ಬೆಲ್ಲ ಹಾಕಿ ಮುಚ್ಚಿಡಲೂ ಆಗುವುದಿಲ್ಲ. ಧನಿಯಕ್ಕೆ ಹದ ಬೇರೆ: ಬಣ್ಣ ಒಂದಿಷ್ಟೇ ಗಾಢವಾಗಿ, ಬೆರಳಲ್ಲಿ ಒತ್ತಿದರೆ ಪಟಕ್ಕೆಂದು ಒಡೆಯಬೇಕು. ಜೀರಿಗೆ ಬಿಸಿಯಾಗಿ ಕಂಪು ಬಂದರೆ ಸಾಕು. ಮೆಣಸಿನಕಾಯಿಗೆ ಒಂದು ತೊಟ್ಟು ಎಣ್ಣೆ. ಅದು ಗರಿಗರಿಯಾಗಬೇಕೇ ಹೊರತು ಅದರ ಕೆಂಪು ಕಪ್ಪಾಗಬಾರದು.

ಕಡಿಮೆ ಹುರಿದರೆ ಏನು ತಪ್ಪು? ಸಾರಿನಲ್ಲಿ ಹಸಿ ವಾಸನೆ ಉಳಿಯುತ್ತದೆ. ಕಾಳಿನೊಳಗಿನ ತೇವ ಪೂರ್ತಿ ಹೋಗದೆ ಪುಡಿ ಗಂಟು ಕಟ್ಟುತ್ತದೆ. ಹೆಚ್ಚು ಹುರಿದರೆ ಅಡುಗೆಮನೆಯೆಲ್ಲ ಘಮಘಮ, ಆದರೆ ಆ ಘಮವೆಲ್ಲ ಡಬ್ಬದಿಂದ ಕಳೆದುಹೋದದ್ದೇ. ಸುವಾಸನೆಯ ಎಣ್ಣೆ ಬಿಸಿಗೆ ಹಾರಿಹೋಗುವಂಥದ್ದು.

ಮಿಲ್ಲಿನಲ್ಲೂ ಅದೇ ಕಥೆ. ಮಿಷನ್ನಿನಿಂದ ಬೀಳುವ ಪುಡಿ ಬಿಸಿಯಾಗಿರುತ್ತಿತ್ತು. ಮನೆಗೆ ಬಂದ ಕೂಡಲೇ ಪೇಪರಿನ ಮೇಲೆ ಹರಡಿ, ಫ್ಯಾನ್ ಹಾಕದೆ ತಣಿಸಿ, ಆಮೇಲೆ ಜಾಡಿಗೆ ತುಂಬಬೇಕು. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕಟ್ಟಿ ವಾರದೊಳಗೆ ಮುಗ್ಗುಲು ವಾಸನೆ.

ಹಿಂದಿನವರ ಪುಡಿ ವರ್ಷವಿಡೀ ಘಮಘಮಿಸುತ್ತಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕಾಗುವಷ್ಟು ಬೀಸಿಸಿದ್ದು ಹುರಿಯದ ಅಚ್ಚಖಾರದ ಪುಡಿ. ಸಾರಿನ ಪುಡಿ ಎರಡು ಮೂರು ತಿಂಗಳಿಗೆ ಸಪ್ಪೆಯಾಗುತ್ತಿತ್ತು. ಆಮೇಲೆ ಅಮ್ಮ ಒಗ್ಗರಣೆಗೆ ಹೆಚ್ಚು ಇಂಗು, ಜಜ್ಜಿದ ಮೆಣಸು ಹಾಕಿ ಸರಿದೂಗಿಸುತ್ತಿದ್ದಳು.

ರೆಡಿ ಪುಡಿಯ ಪ್ಯಾಕೆಟ್ಟು ನಮ್ಮಲ್ಲಿ ರೂಢಿಯಾದದ್ದರ ಹಿಂದೆ ಒಂದು ರಾಜಕೀಯ ಕಾರಣವೂ ಇದೆ. 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಯ ಬೆಲೆ ಇಳಿಸಲು ಸರ್ಕಾರ ಕಡ್ಡಾಯ ಮಾಡಿದಾಗ ಬೆಂಗಳೂರಿನ ಎಂಟಿಆರ್‌ನವರು ನಷ್ಟಕ್ಕೆ ಸಿಕ್ಕಿ ಮಿಕ್ಸ್ ಮತ್ತು ಪುಡಿಗಳ ವ್ಯಾಪಾರಕ್ಕೆ ಇಳಿದರು. ನಮ್ಮ ಮನೆಗೆ ಪ್ಯಾಕೆಟ್ಟು ಬಂದದ್ದು ಅತ್ತಿಗೆ ಕೆಲಸಕ್ಕೆ ಹೋಗತೊಡಗಿದ ಮೇಲೆ. ಅಮ್ಮ ಮೂಗು ಮುರಿದರೂ, ಮೆಂತ್ಯ ಎಂದೂ ಸೀಯದ ಪುಡಿ ಅದು ಎಂದು ಒಪ್ಪಿಕೊಂಡಳು. ಪ್ಯಾಕೆಟ್ಟಿನ ಸಾರಿಗೆ ಪ್ರತಿ ಸಲವೂ ಒಂದೇ ರುಚಿ. ಅದರ ಕೊರತೆ ಕಾಲದ್ದು: ಬೀಸಿದ ದಿನಕ್ಕೂ ನಮ್ಮ ಒಲೆಗೂ ನಡುವೆ ಗೋದಾಮು, ಲಾರಿ, ಅಂಗಡಿ. ಬೀಸಿದೊಡನೆ ಪ್ರತಿ ಕಣವೂ ಗಾಳಿಗೆ ಮೈಯೊಡ್ಡುತ್ತದೆ. ಇಡೀ ಧನಿಯವಾದರೆ ಸಿಪ್ಪೆಯೊಳಗೆ ತನ್ನ ಕಂಪನ್ನು ತಿಂಗಳುಗಟ್ಟಲೆ ಕಾಪಾಡಿಕೊಳ್ಳುತ್ತದೆ.

ಆ ಮಿಲ್ಲು ಈಗಿಲ್ಲ, ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ನಾನು ಸಾಮಾನನ್ನು ಇಡಿಯಾಗಿಯೇ ತಂದಿಟ್ಟು, ಅಮ್ಮನ ಅಳತೆಯ ಅರ್ಧವನ್ನು ಮಾತ್ರ ಹುರಿದು, ಆರಿಸಿ, ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸುತ್ತೇನೆ. ಒಂದೇ ಸಮ ತಿರುಗಿಸಿದರೆ ಜಾರೇ ಬಿಸಿಯಾಗುತ್ತದೆ. ಪುಡಿ ಸತ್ತಿದೆಯೋ ಇಲ್ಲವೋ ನೋಡಲು ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ಮೂಸುತ್ತೇನೆ. ಮೊದಲು ಧನಿಯ, ಜೀರಿಗೆಯ ಕಂಪು ಬಂದರೆ ಜೀವವಿದೆ. ಬರೀ ಖಾರದ ಘಾಟು ಬಂದರೆ ಅದರ ಕಾಲ ಮುಗಿಯಿತು.

ಪ್ಯಾಕೆಟ್ಟೇ ತರುವವರು ದೊಡ್ಡದನ್ನು ತರಬೇಡಿ. 100 ಗ್ರಾಂನದ್ದನ್ನು, ತಯಾರಿಸಿದ ತಾರೀಖು ನೋಡಿ ತನ್ನಿ, ಒಲೆಯ ಪಕ್ಕದ ಗೂಡಿನಲ್ಲಿ ಮಾತ್ರ ಇಡಬೇಡಿ.