‘ನೋಡುವ’ ಅಂದರೆ ಹೌದೋ, ಅಲ್ಲವೋ?

ಜುಲೈ ತಿಂಗಳ ಒಂದು ಮಧ್ಯಾಹ್ನ ಮೂರೂವರೆಗೆ ಫೋನ್ ಬಂತು. ನಾವು ಬೆಟ್ಟಂಪಾಡಿಯ ಒಂದು ತೋಟದ ಬದಿಯಲ್ಲಿ ಕೊಡೆ ಹಿಡಿದು, ಉದುರಿದ ಎಳೆ ಅಡಿಕೆಯ ಫೋಟೋ ತೆಗೆಯುತ್ತಿದ್ದೆವು. ಅತ್ತ ಕಡೆ ಪುತ್ತೂರಿನ ಹಿರಿಯ ವರದಿಗಾರರು. “ಸುಳ್ಯದವರು ರಜೆ ಮಾರಾಯ್ರೆ. ಸಂಜೆ ಐದಕ್ಕೆ ಅಲ್ಲಿ ಒಂದು ಕಾರ್ಯಕ್ರಮ ಉಂಟು. ನೀವು ಒಮ್ಮೆ ಹೋಗಿ ಬನ್ನಿ, ಏಳೂವರೆಯ ಒಳಗೆ ಸುದ್ದಿ, ಫೋಟೋ ಎರಡೂ ಕಳಿಸಿ.”

ಇಂಥ ಫೋನ್‌ಗೆ ನಮ್ಮ ಹಳೆಯ ಉತ್ತರ ಒಂದೇ: “ನೋಡುವ ಸರ್.” ತುಳುವಿನಲ್ಲಾದರೆ “ತೂಕ.” ನಮ್ಮ ಮಟ್ಟಿಗೆ ಅದು ಅರ್ಧ ‘ಇಲ್ಲ’. ಕೇಳಿದವರಿಗೆ ಅದು ಪೂರ್ತಿ ‘ಹೌದು’. ಹಿಂದಿನ ಮಳೆಗಾಲದಲ್ಲಿ ಹೀಗೇ ‘ನೋಡುವ’ ಅಂದು, ಎರಡು ಕಡೆಯ ಕೆಲಸ ಹೊತ್ತುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೊಬೈಲ್‌ನಲ್ಲಿ ಕೊಳೆರೋಗದ ಸುದ್ದಿ ಟೈಪ್ ಮಾಡಿದ್ದೆವು. ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ನಮ್ಮ ಸುದ್ದಿಯಲ್ಲಿ ಒಂದು ಸೊನ್ನೆ ಬಿಟ್ಟು ಹೋಗಿ ಅದು 10 ಲೀಟರ್ ಆಯಿತು. ಬೆಳಗ್ಗೆ ಏಳಕ್ಕೆ ಕೃಷಿಕರೊಬ್ಬರು ಫೋನ್ ಮಾಡಿ, “ಇದೆಂಥ ಹತ್ತು ಪಟ್ಟು ಮದ್ದು?” ಎಂದು ಕೇಳಿದರು. ಅವರಿಗೆ ಲೆಕ್ಕ ಗೊತ್ತಿತ್ತು. ಗೊತ್ತಿಲ್ಲದವರು ಎಷ್ಟು ಮಂದಿ ಓದಿದರೋ ಎಂದು ನಮಗೆ ಇಡೀ ದಿನ ಊಟ ಸೇರಲಿಲ್ಲ.

ಹಾಗಾಗಿ ಈ ಸಲ ಮೊದಲು ಪೂರ್ತಿ ಕೇಳಿಸಿಕೊಂಡೆವು. “ಐದು ನಿಮಿಷ ಕೊಡಿ ಸರ್, ನಾನೇ ಫೋನ್ ಮಾಡ್ತೇನೆ” ಅಂದೆವು. ಆ ಐದು ನಿಮಿಷದಲ್ಲಿ ಮಾಡಿದ್ದು ಇಷ್ಟೇ. ಸುಳ್ಯದಲ್ಲಿ ಸ್ಟುಡಿಯೋ ಇಟ್ಟಿರುವ ಪರಿಚಯದವರೊಬ್ಬರಿಗೆ ಫೋನ್ ಮಾಡಿ, ಅವರು ಆ ಕಾರ್ಯಕ್ರಮಕ್ಕೆ ಹೋಗುತ್ತಾರೋ ಎಂದು ಕೇಳಿದೆವು. ಹೋಗುತ್ತಾರಂತೆ. ನಾಲ್ಕು ಫೋಟೋ, ಜೊತೆಗೆ ಭಾಷಣದ ಆಡಿಯೋ ಕಳಿಸಲು ಒಪ್ಪಿದರು. ಇದನ್ನು ಕೇಳದೆ “ಬೇರೆ ಯಾರಿಗಾದರೂ ಹೇಳಿ ಸರ್” ಅಂದಿದ್ದರೆ, ನಮ್ಮ ತಲೆನೋವನ್ನು ಅವರ ತಲೆಗೆ ದಾಟಿಸಿದ ಹಾಗಷ್ಟೇ ಆಗುತ್ತಿತ್ತು.

ಮತ್ತೆ ಸಿಗ್ನಲ್ ಸಿಗುವ ಗುಡ್ಡೆಗೆ ಹತ್ತಿ ಫೋನ್ ಮಾಡಿದೆವು. ವಾಟ್ಸ್ಆ್ಯಪ್‌ನಲ್ಲಿ ಬರೆಯಬಹುದಿತ್ತು. ಆದರೆ ಅವರು ಅದನ್ನು ನೋಡುವುದು ಆರು ಗಂಟೆಗಾದರೆ ಯಾರಿಗೂ ಪ್ರಯೋಜನವಿಲ್ಲ. ಮತ್ತೆ ಬರೆದ ‘ಇಲ್ಲ’ದಲ್ಲಿ ನಮ್ಮ ಸ್ವರ ಇರುವುದಿಲ್ಲ, ಓದುವವರು ತಮಗೆ ತೋಚಿದ ಸ್ವರ ಹಾಕಿಕೊಳ್ಳುತ್ತಾರೆ.

“ಸರ್, ಇವತ್ತು ಸುಳ್ಯಕ್ಕೆ ಹೋಗ್ಲಿಕ್ಕೆ ನನಗೆ ಆಗುವುದಿಲ್ಲ. ಕೊಳೆರೋಗದ ಸುದ್ದಿಗೆ ತೋಟಗಾರಿಕೆ ಅಧಿಕಾರಿಯ ಮಾತು ಆಫೀಸು ಮುಚ್ಚುವ ಮೊದಲು ಬೇಕು, ಅದು ನಾಳೆಯ ಪುಟಕ್ಕೆ ನೀವೇ ಇಟ್ಟದ್ದು. ಸುಳ್ಯದ ಫೋಟೋ, ಆಡಿಯೋ ಆರೂವರೆಗೆ ನನಗೆ ಬರ್ತದೆ. ಏಳೂಕಾಲಕ್ಕೆ ಸಣ್ಣ ಸುದ್ದಿ ಮಾಡಿ ಕೊಡ್ತೇನೆ.”

ನಮ್ಮ ಕಡೆಯ ಕನ್ನಡದಲ್ಲಿ ‘ಆಗ್ಲಿಕ್ಕಿಲ್ಲ’ ಅಂದರೆ ‘ಬಹುಶಃ ಆಗದು’ ಎಂದೂ ಆಗುತ್ತದೆ, ಅಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ. ‘ಆಗುವುದಿಲ್ಲ’ ಎಂಬಲ್ಲಿ ಅದು ಮುಚ್ಚಿತು. ಗಡುಸಾಗಿ ಕೇಳದಂತೆ ಕಾದದ್ದು ‘ಇವತ್ತು’ ಎಂಬ ಮಾತು.

ಅತ್ತ ಸ್ವಲ್ಪ ಹೊತ್ತು ಮೌನ. ನಂತರ, “ಹೌದಾ... ಅಧಿಕಾರಿಗೆ ದಾರಿಯಲ್ಲಿ ಫೋನ್ ಮಾಡಿ ಮಾರಾಯ್ರೆ, ಸ್ವಲ್ಪ ಅಡ್ಜಸ್ಟ್ ಮಾಡಿ.”

ನಾವು ಸೋಲುವುದು ಯಾವಾಗಲೂ ಇಲ್ಲೇ. ಬೈಕಿನ ಟಯರ್ ಸರಿಯಿಲ್ಲ, ಮಗುವಿಗೆ ಜ್ವರ ಎಂದು ಎರಡನೇ, ಮೂರನೇ ಕಾರಣ ಹುಡುಕಲು ಹೊರಡುತ್ತೇವೆ. ಟಯರಿಗೆ ಅವರಲ್ಲಿ ಉತ್ತರ ಇರುತ್ತದೆ, “ನನ್ನ ಸ್ಕೂಟರ್ ತೆಗೊಂಡು ಹೋಗಿ” ಅನ್ನುತ್ತಾರೆ. ಆಮೇಲೆ ಮೊದಲ ಕಾರಣವೂ ನೆಪದಂತೆ ಕಾಣುತ್ತದೆ. ಸುದ್ದಿ ಅಚ್ಚಾದರಷ್ಟೇ ದುಡ್ಡು, ಪೆಟ್ರೋಲ್ ನಮ್ಮದೇ ಎಂಬುದೂ ಬಾಯಿಯ ತುದಿಗೆ ಬಂದಿತ್ತು. ನಿಜವೇ, ಆದರೆ ಅದು ಪುತ್ತೂರಿನ ಆಫೀಸಿನಲ್ಲಿ ಕುಳಿತು ಬೇರೆ ದಿನ ಮಾತಾಡುವ ವಿಷಯ. ಅದನ್ನು ನುಂಗಿ, ಮೊದಲಿನದನ್ನೇ ಮೆಲ್ಲಗೆ ಹೇಳಿದೆವು: “ದಾರಿಯಲ್ಲಿ ಮಾಡಿದರೆ ಮದ್ದಿನ ಲೆಕ್ಕ ತಪ್ತದೆ ಸರ್, ಕಳೆದ ವರ್ಷ ತಪ್ಪಿತ್ತು. ಸುಳ್ಯದ್ದು ಏಳೂಕಾಲಕ್ಕೆ ನಿಮ್ಮ ಕೈಯಲ್ಲಿರ್ತದೆ.”

“ಆಯ್ತು, ಕಳಿಸಿ” ಎಂದು ಇಟ್ಟರು. ಸ್ವರದಲ್ಲಿ ಸಂತೋಷವೇನೂ ಇರಲಿಲ್ಲ.

ನೆರೆಯೋ ಗುಡ್ಡ ಕುಸಿತವೋ ಆಗಿದ್ದರೆ ನಾವು ಈ ಮಾತೆಲ್ಲ ಆಡುತ್ತಿರಲಿಲ್ಲ, ಅಡಿಕೆಯನ್ನು ಬಿಟ್ಟು ಹೊರಡುತ್ತಿದ್ದೆವು. ಅದು ನಾಳೆ ಓದಿದರೂ ನಡೆಯುವ ಸಭೆ.

ಆಡಿಯೋ ಹತ್ತು ನಿಮಿಷ ತಡವಾಗಿ ಬಂತು, ನಾವು ಏಳು ಇಪ್ಪತ್ತಕ್ಕೆ ಕಳಿಸಿದೆವು. ಮರುದಿನ ಸುಳ್ಯದ್ದು ಒಂದು ಕಾಲಂ, ಫೋಟೋಕ್ಕೆ ಸ್ಟುಡಿಯೋದವರ ಹೆಸರು ಬಿಟ್ಟುಹೋಗಿತ್ತು. ಅವರಿಗೆ ನಾವೇ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು. ಕೊಳೆರೋಗದ ಸುದ್ದಿಯಲ್ಲಿ 100 ಲೀಟರ್ ನೂರೇ ಇತ್ತು. ಮುಂದಿನ ವಾರ ಹಿರಿಯರು ಮತ್ತೆ ಫೋನ್ ಮಾಡಿದಾಗ ಮೊದಲು ಕೇಳಿದ್ದು, “ಇವತ್ತು ನಿಮ್ಮ ಕೈಯಲ್ಲಿ ಎಂಥ ಉಂಟು?”